30 ದಿನವೋ, 35 ದಿನವೋ?

ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿದರೆ ಎಷ್ಟು ದಿನದೊಳಗೆ ಉತ್ತರ ಬರಬೇಕು ಎಂದು ಯಾರನ್ನೇ ಕೇಳಿ, ಮೂವತ್ತು ದಿನ ಎನ್ನುತ್ತಾರೆ. ಸಾಮಾನ್ಯವಾಗಿ ಅದು ಸರಿಯೇ. ಆದರೆ ಅರ್ಜಿಯನ್ನು ಸಾರ್ವಜನಿಕ ಮಾಹಿತಿ ಅಧಿಕಾರಿಗೆ ನೇರವಾಗಿ ಕೊಡದೆ ಸಹಾಯಕ ಸಾರ್ವಜನಿಕ ಮಾಹಿತಿ ಅಧಿಕಾರಿಯ ಕೈಗೆ ಕೊಟ್ಟಿದ್ದರೆ ಆ ಮೂವತ್ತಕ್ಕೆ ಇನ್ನೈದು ದಿನ ಸೇರುತ್ತದೆ. 2005ರ ಕಾಯ್ದೆಯ 5(2)ನೇ ಕಲಮಿನ ಪರಂತುಕದಲ್ಲಿ ಈ ಮಾತಿದೆ. ಕೇಳಿದ ಮಾಹಿತಿ ಯಾರದಾದರೂ ಜೀವಕ್ಕೋ ಸ್ವಾತಂತ್ರ್ಯಕ್ಕೋ ಸಂಬಂಧಪಟ್ಟಿದ್ದರೆ 48 ಗಂಟೆಯೊಳಗೇ ಕೊಡಬೇಕು. ಇದು ಇನ್ನೊಂದು ಕಡೆ, 7(1)ರ ಪರಂತುಕದಲ್ಲಿದೆ.

ಹೀಗೆ ಒಂದು ಪುಟ್ಟ ಪ್ರಶ್ನೆಯ ಉತ್ತರ ಕಾಯ್ದೆಯ ಎರಡು ಮೂರು ಕಡೆ ಹಂಚಿಹೋಗಿದೆ. ದಾಖಲೆ ನೋಡಿ ಇಂಥ ಪ್ರಶ್ನೆಗೆ ಉತ್ತರ ಹೇಳುವ ಕೆಲಸವನ್ನು ಈಗ ಬ್ಯಾಂಕು, ವಿಮಾ ಕಂಪನಿ, ವಕೀಲರ ಸಂಸ್ಥೆ, ಸರ್ಕಾರಿ ಸಹಾಯವಾಣಿಗಳು ಭಾಷಾ ಮಾದರಿಗಳಿಗೆ, ಅಂದರೆ ಚಾಟ್‌ಬಾಟ್‌ಗಳ ಒಳಗಿರುವ ಲ್ಯಾಂಗ್ವೇಜ್ ಮಾಡೆಲ್‌ಗಳಿಗೆ, ವಹಿಸುತ್ತಿವೆ. ಅದಕ್ಕೆ ಅವು ಬಳಸುವ ವಿಧಾನಕ್ಕೆ ರಿಟ್ರೀವಲ್ ಆಗ್ಮೆಂಟೆಡ್ ಜನರೇಷನ್ ಎಂದು ಹೆಸರು. ಮೊದಲು ಹುಡುಕಿ ತಂದು, ತಂದದ್ದನ್ನು ಮುಂದಿಟ್ಟುಕೊಂಡು ಬರೆಯುವುದು ಎಂದಷ್ಟೇ ಅದರ ತಾತ್ಪರ್ಯ. ಸಾಫ್ಟ್‌ವೇರ್‌ನವರು ಚುಟುಕಾಗಿ ರ‍್ಯಾಗ್ ಅನ್ನುತ್ತಾರೆ. ನಾವೂ ಹಾಗೇ ಕರೆಯೋಣ. ಅದು ಮಾದರಿಗೆ ಏನನ್ನು ಕೂಡಿಸುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬುದನ್ನು ಈ ಮೂವತ್ತು ದಿನದ ಪ್ರಶ್ನೆಯನ್ನೇ ಹಿಡಿದು ನೋಡಬಹುದು.

ರ‍್ಯಾಗ್ ಇಲ್ಲದ ಬರೀ ಮಾದರಿಯಿಂದ ಶುರು ಮಾಡೋಣ. ತರಬೇತಿಯಲ್ಲಿ ಅದು ಲೆಕ್ಕವಿಲ್ಲದಷ್ಟು ಪುಟಗಳನ್ನು ಓದಿರುತ್ತದೆ, ನಿಜ. ಆದರೆ ಓದಿದ ಪುಟಗಳು ಅದರೊಳಗೆ ಪುಟಗಳಾಗಿ ಉಳಿಯುವುದಿಲ್ಲ. ಪ್ಯಾರಾಮೀಟರ್ ಎನ್ನುವ ನೂರಾರು ಕೋಟಿ ಸಂಖ್ಯೆಗಳಿರುತ್ತವೆ. ಓದು ನಡೆಯುತ್ತಿದ್ದಂತೆ ಆ ಸಂಖ್ಯೆಗಳು ಅಷ್ಟಿಷ್ಟು ಹೆಚ್ಚುಕಡಿಮೆಯಾಗುತ್ತ ಹೋಗುತ್ತವೆ. ಉತ್ತರ ಬರೆಯುವಾಗ ಮಾದರಿ ಆ ಸಂಖ್ಯೆಗಳ ಬಲದ ಮೇಲೆ, ಇಲ್ಲಿಯವರೆಗಿನ ಮಾತಿನ ನಂತರ ಯಾವ ಪದದ ತುಣುಕು ಬರುವ ಸಂಭವ ಹೆಚ್ಚು ಎಂದು ಅಂದಾಜು ಮಾಡುತ್ತ, ತುಣುಕಿನ ಮೇಲೆ ತುಣುಕು ಜೋಡಿಸುತ್ತದೆ. ಮಾಹಿತಿ ಹಕ್ಕು, ಉತ್ತರ, ದಿನ ಎಂಬ ಮಾತುಗಳ ಅಕ್ಕಪಕ್ಕದಲ್ಲಿ 30 ಎಂಬ ಅಂಕಿ ಪತ್ರಿಕೆ, ಕರಪತ್ರ, ಮಾರ್ಗದರ್ಶಿಗಳಲ್ಲೆಲ್ಲ ಕಾಣಿಸಿಕೊಂಡಿದೆ. ಐದು ದಿನ ಕೂಡಿಸುವ ಮಾತು ಬರುವುದು ಅಪರೂಪ. ಹೀಗಾಗಿ ಸಹಾಯಕ ಅಧಿಕಾರಿಯ ಕೈಗೆ ಅರ್ಜಿ ಕೊಟ್ಟೆ ಎಂದು ಬಿಡಿಸಿ ಹೇಳಿದರೂ ಮಾದರಿ ಮೂವತ್ತರ ಕಡೆಗೇ ವಾಲುವ ಸಂಭವ ಹೆಚ್ಚು. ವಾಲಿದಾಗಲೂ ಅದರ ವಾಕ್ಯದಲ್ಲಿ ತಡವರಿಕೆ ಇರುವುದಿಲ್ಲ, ಏಕೆಂದರೆ ಸರಿಯುತ್ತರವನ್ನೂ ತಪ್ಪುತ್ತರವನ್ನೂ ಅದು ಬರೆಯುವುದು ಒಂದೇ ರೀತಿಯಲ್ಲಿ.

ಇನ್ನೂ ಎರಡು ತೊಡಕುಗಳಿವೆ. ಮಾಹಿತಿ ಆಯುಕ್ತರ ಅಧಿಕಾರಾವಧಿ 2005ರ ಮೂಲ ಕಾಯ್ದೆಯಲ್ಲಿ ಐದು ವರ್ಷ ಎಂದಿತ್ತು. 2019ರ ತಿದ್ದುಪಡಿ ಆ ಮಾತನ್ನು ತೆಗೆದು, ಅವಧಿಯನ್ನು ಕೇಂದ್ರ ಸರ್ಕಾರ ನಿಗದಿ ಮಾಡತಕ್ಕದ್ದು ಎಂದಿತು. ಅದೇ ವರ್ಷ ಬಂದ ನಿಯಮಗಳು ಮೂರು ವರ್ಷ ಎಂದವು. ಮಾದರಿಯ ಸಂಖ್ಯೆಗಳಲ್ಲಿ ಹದಿನಾಲ್ಕು ವರ್ಷದ ಐದೂ ಇದೆ, ಆಮೇಲಿನ ಮೂರೂ ಇದೆ. ಯಾವುದು ಹಳತು ಎಂಬ ಮುದ್ರೆ ಯಾವುದರ ಮೇಲೂ ಇಲ್ಲ. ಎರಡನೆಯದು, ಒಂದನ್ನೊಂದು ಹೋಲುವ ದಾಖಲೆಗಳ ಕಲಬೆರಕೆ. ಅರ್ಜಿ 500 ಪದ ಮೀರಬಾರದು ಎನ್ನುವುದು ಕೇಂದ್ರದ 2012ರ ನಿಯಮ. ಕರ್ನಾಟಕದ ನಿಯಮದಲ್ಲಿ ಮಿತಿ 150 ಪದ, ಅದೂ ಒಂದೇ ವಿಷಯಕ್ಕೆ. ನೆನಪಿನಿಂದ ಹೇಳುವ ಮಾದರಿಗೆ ಇವೆರಡನ್ನು ಬೇರೆ ಬೇರೆ ಇಟ್ಟುಕೊಳ್ಳುವುದು ಕಷ್ಟ.

ರ‍್ಯಾಗ್ ಎಂಬ ಹೆಸರು ಬಂದದ್ದು 2020ರಲ್ಲಿ. ಆಗ ಫೇಸ್‌ಬುಕ್‌ನ ಸಂಶೋಧನಾ ವಿಭಾಗದಲ್ಲಿದ್ದ ಪ್ಯಾಟ್ರಿಕ್ ಲೂಯಿಸ್ ಮತ್ತು ಸಂಗಡಿಗರು ಒಂದು ಪ್ರಬಂಧ ಬರೆದರು. ಇಂಗ್ಲಿಷ್ ವಿಕಿಪೀಡಿಯಾದ 2018ರ ಡಿಸೆಂಬರ್ ಪ್ರತಿಯನ್ನು ತೆಗೆದುಕೊಂಡು, ನೂರು ನೂರು ಪದಗಳ ತುಂಡು ಮಾಡಿದರು. ಸುಮಾರು 2.1 ಕೋಟಿ ತುಂಡುಗಳಾದವು. ಪ್ರಶ್ನೆ ಬಂದಾಗ ಅದಕ್ಕೆ ಹತ್ತಿರದ ಕೆಲವು ತುಂಡುಗಳನ್ನು ಹುಡುಕಿ ತೆಗೆಯುವುದು, ಅವುಗಳನ್ನು ಪ್ರಶ್ನೆಯ ಜೊತೆ ಸೇರಿಸಿ ಮಾದರಿಗೆ ಕೊಡುವುದು, ಮಾದರಿ ಉತ್ತರ ಬರೆಯುವುದು — ಇಷ್ಟೇ ವ್ಯವಸ್ಥೆ. ಅವರು ಬಳಸಿದ್ದು ಬಾರ್ಟ್ ಎಂಬ ಮಾದರಿ. ಅದರಲ್ಲಿ 40 ಕೋಟಿ ಪ್ಯಾರಾಮೀಟರ್. ಇವತ್ತಿನ ಲೆಕ್ಕದಲ್ಲಿ ತೀರಾ ಚಿಕ್ಕದು.

ಆ ಪ್ರಬಂಧದಲ್ಲಿ ಒಂದು ಪುಟ್ಟ ಪರೀಕ್ಷೆಯಿದೆ. ಈ ವಿಧಾನದ ತಿರುಳು ಅದರಲ್ಲಿದೆ ಎಂದು ನನಗನಿಸುತ್ತದೆ. 2016ಕ್ಕೂ 2018ಕ್ಕೂ ನಡುವೆ ಯಾವ ಯಾವ ದೇಶಗಳ ನಾಯಕರು ಬದಲಾದರು ಎಂದು 82 ಹುದ್ದೆಗಳ ಪಟ್ಟಿ ಮಾಡಿ, ಇಂಥ ದೇಶದ ಅಧ್ಯಕ್ಷರು ಯಾರು, ಪ್ರಧಾನಿ ಯಾರು ಎಂದು ಕೇಳಿದರು. ಮಾದರಿಯನ್ನು ಮುಟ್ಟಲಿಲ್ಲ, ಹಿಂದಿದ್ದ ವಿಕಿಪೀಡಿಯಾವನ್ನು ಮಾತ್ರ ಬದಲಿಸಿದರು. 2016ರ ಪ್ರತಿ ಇಟ್ಟಾಗ ಆ ವರ್ಷದ ನಾಯಕರ ಬಗ್ಗೆ ಶೇ 70ರಷ್ಟು ಉತ್ತರ ಸರಿಯಾಗಿತ್ತು. 2018ರ ಪ್ರತಿ ಇಟ್ಟಾಗ 2018ರ ನಾಯಕರ ಬಗ್ಗೆ ಶೇ 68. ಹಳೇ ಪ್ರತಿ ಇಟ್ಟು ಹೊಸ ನಾಯಕರನ್ನು ಕೇಳಿದಾಗ ಶೇ 4ಕ್ಕೆ ಇಳಿಯಿತು. ಅಂದರೆ ಮಾದರಿ ತನ್ನ ನೆನಪನ್ನು ಬದಿಗಿಟ್ಟು, ಮುಂದಿಟ್ಟ ಕಾಗದ ಹೇಳಿದಂತೆ ಕೇಳುತ್ತಿತ್ತು. ತಿಂಗಳುಗಟ್ಟಲೆ ಮರುತರಬೇತಿಯ ಗೋಜಿಲ್ಲದೆ ಕಾಗದ ಬದಲಿಸಿದರೆ ಸಾಕು, ಉತ್ತರ ಬದಲಾಗುತ್ತದೆ. ಆಯುಕ್ತರ ಅವಧಿಯ ತೊಡಕಿಗೆ ಮದ್ದು ಇಲ್ಲಿದೆ: ಹಳೇ ಪಾಠವನ್ನು ತೆಗೆದು 2019ರ ತಿದ್ದುಪಡಿ ಸೇರಿದ ಪಾಠವನ್ನೂ ನಿಯಮಗಳನ್ನೂ ಇಡುವುದು. ಸರಿಯಾದ ಪ್ರತಿಯಿದ್ದಾಗಲೂ ಮೂವತ್ತರಷ್ಟು ಉತ್ತರ ತಪ್ಪಿತು ಎಂಬುದನ್ನೂ ಗಮನಿಸಿ. ಆ ಕಡೆಗೆ ಆಮೇಲೆ ಬರೋಣ.

ಈಗ ನಮ್ಮ ಕಾಯ್ದೆಗೆ ಬರೋಣ. ಕಾಯ್ದೆ, ಕೇಂದ್ರದ ಮತ್ತು ರಾಜ್ಯದ ನಿಯಮಗಳು, ಸುತ್ತೋಲೆಗಳು, ಆಯೋಗದ ಸಾವಿರಾರು ಆದೇಶಗಳು ಇವಿಷ್ಟನ್ನೂ ಒಂದು ಸಂಗ್ರಹಕ್ಕೆ ಹಾಕಿದ್ದೇವೆ ಎಂದುಕೊಳ್ಳಿ. ಬರೀ ಕಾಯ್ದೆಯಷ್ಟೇ ಆಗಿದ್ದರೆ ಇಷ್ಟೆಲ್ಲ ಏರ್ಪಾಟು ಬೇಡವಾಗಿತ್ತು. 31 ಕಲಮುಗಳ ಚಿಕ್ಕ ಕಾಯ್ದೆ ಅದು, ಇವತ್ತಿನ ಮಾದರಿಗಳಿಗೆ ಪೂರ್ತಿಯಾಗಿ ಒಂದೇ ಸಲ ಓದಿಸಬಹುದು. ಕೆಲವು ಕಂಪನಿಗಳು ಹತ್ತು ಪುಟದ ಕೈಪಿಡಿಗೂ ಹುಡುಕಾಟದ ಯಂತ್ರ ಕಟ್ಟಿಸಿಕೊಳ್ಳುವುದುಂಟು, ಅದು ದುಂದು. ಸಾವಿರಾರು ಪುಟಗಳಾದಾಗ ಮಾತು ಬೇರೆ. ಎಲ್ಲವನ್ನೂ ಪ್ರತಿ ಪ್ರಶ್ನೆಗೂ ಓದಿಸುವುದು ದುಬಾರಿ. ಓದಿಸಿದರೂ ನಡುವೆ ಹೂತ ಸಾಲುಗಳನ್ನು ಮಾದರಿಗಳು ಕಡೆಗಣಿಸುತ್ತವೆ, ಆರಂಭದಲ್ಲೋ ಕೊನೆಯಲ್ಲೋ ಇದ್ದದ್ದನ್ನು ಚೆನ್ನಾಗಿ ಹಿಡಿಯುತ್ತವೆ ಎಂದು 2023ರಲ್ಲಿ ಸ್ಟ್ಯಾನ್‌ಫರ್ಡ್‌ನ ನೆಲ್ಸನ್ ಲಿಯು ಮತ್ತಿತರರು ಅಂದಿನ ಮಾದರಿಗಳ ಮೇಲೆ ಪರೀಕ್ಷಿಸಿ ತೋರಿಸಿದರು.

ಹಾಗಾಗಿ ಹುಡುಕಾಟ. ಅದು ಎರಡು ಬಗೆಯಲ್ಲಿ ನಡೆಯುತ್ತದೆ. ಒಂದು ಹಳೆಯದು, ಪದ ಹಿಡಿದು ಹುಡುಕುವುದು. ಪ್ರಶ್ನೆಯ ಪದಗಳು ಯಾವ ತುಂಡಿನಲ್ಲಿವೆ ಎಂದು ನೋಡಿ, ಅಪರೂಪದ ಪದಕ್ಕೆ ಹೆಚ್ಚು ಅಂಕ, ಎಲ್ಲ ಕಡೆ ಸಿಗುವ ಪದಕ್ಕೆ ಕಡಿಮೆ ಅಂಕ ಕೊಡುವುದು. ಈ ತೂಕದ ವಿಚಾರವನ್ನು ಬ್ರಿಟನ್ನಿನ ಕರೆನ್ ಸ್ಪಾರ್ಕ್ ಜೋನ್ಸ್ 1972ರಲ್ಲೇ ಮುಂದಿಟ್ಟಿದ್ದರು. ಅದರಿಂದ ಬೆಳೆದ ಬಿಎಂ25 ಎಂಬ ಸೂತ್ರ ಇಂದಿಗೂ ಚಾಲ್ತಿಯಲ್ಲಿದೆ. ಇನ್ನೊಂದು ಅರ್ಥ ಹಿಡಿದು ಹುಡುಕುವುದು. ಪ್ರತಿ ತುಂಡನ್ನೂ ಒಂದು ಸಣ್ಣ ಮಾದರಿಗೆ ಕೊಟ್ಟರೆ ಅದು ಸಂಖ್ಯೆಗಳ ಒಂದು ಸಾಲನ್ನು ಕೊಡುತ್ತದೆ. 2020ರ ಪ್ರಬಂಧದಲ್ಲಿ ತುಂಡೊಂದಕ್ಕೆ 768 ಸಂಖ್ಯೆಗಳಿದ್ದವು. ಈ ಸಾಲಿಗೆ ಎಂಬೆಡಿಂಗ್ ಎಂದು ಹೆಸರು. ಅರ್ಥದಲ್ಲಿ ಹತ್ತಿರವಿರುವ ಬರಹಗಳಿಗೆ ಹತ್ತಿರ ಹತ್ತಿರದ ಸಂಖ್ಯಾಸಾಲು ಬರುವಂತೆ ಆ ಮಾದರಿಯನ್ನು ಪಳಗಿಸಿರುತ್ತಾರೆ. ಪ್ರಶ್ನೆಗೂ ಅಂಥದೇ ಒಂದು ಸಾಲು ಮಾಡಿ, ಅದಕ್ಕೆ ಅತಿ ಸಮೀಪದ ಐದೋ ಹತ್ತೋ ತುಂಡುಗಳನ್ನು ಎತ್ತಿಕೊಳ್ಳುತ್ತಾರೆ.

ಎರಡೂ ಬೇಕು ಎನ್ನುವುದು ಉದಾಹರಣೆ ನೋಡಿದರೆ ತಿಳಿಯುತ್ತದೆ. ‘ಅರ್ಜಿ ಹಾಕಿ ತಿಂಗಳ ಮೇಲಾಯ್ತು, ಯಾರೂ ಉಸಿರೇ ಎತ್ತಿಲ್ಲ, ಏನು ಮಾಡಲಿ?’ ಎಂದು ಒಬ್ಬರು ಕೇಳುತ್ತಾರೆ. ಅವರಿಗೆ ಬೇಕಾದ 7(2)ನೇ ಕಲಂ ಮಾತಾಡುವುದು, ಅವಧಿಯೊಳಗೆ ತೀರ್ಮಾನ ಕೊಡದಿದ್ದರೆ ಅರ್ಜಿಯನ್ನು ನಿರಾಕರಿಸಿದಂತೆ ಭಾವಿಸತಕ್ಕದ್ದು ಎಂಬ ಧಾಟಿಯಲ್ಲಿ. ಕೇಳಿದ ಮಾತಿಗೂ ಕಾಯ್ದೆಯ ಮಾತಿಗೂ ಹೊಂದುವ ಪದ ಅರ್ಜಿ ಎಂಬುದೊಂದೇ, ಅದು ಎಲ್ಲ ಪುಟದಲ್ಲೂ ಇದೆ. ಪದದ ಹುಡುಕಾಟ ಇಲ್ಲಿ ಸೋಲುತ್ತದೆ, ಎಂಬೆಡಿಂಗ್ ಗೆಲ್ಲಬಹುದು. ಅದೇ ಇನ್ನೊಬ್ಬರು ‘8(1)(ಜೆ) ಏನನ್ನುತ್ತದೆ?’ ಎಂದು ಕೇಳಲಿ. ಎಂಬೆಡಿಂಗ್‌ಗೆ 8(1)(ಜೆ)ಯೂ 8(1)(ಎಚ್)ಯೂ ಹೆಚ್ಚುಕಡಿಮೆ ಒಂದೇ. ಎರಡೂ ಮಾಹಿತಿ ನಿರಾಕರಣೆಯ ಬಗ್ಗೆಯೇ ಇವೆ. ಇಲ್ಲಿ ಅಕ್ಷರ ನೋಡುವ ಹಳೆಯ ವಿಧಾನವೇ ಗತಿ. ಆದ್ದರಿಂದ ಎರಡೂ ಪಟ್ಟಿಗಳನ್ನು ಬೆರೆಸುತ್ತಾರೆ. ಬೆರೆಸಿ ಬಂದ ಐವತ್ತು ತುಂಡುಗಳನ್ನು ಪ್ರಶ್ನೆಯೊಡನೆ ಒಂದೊಂದಾಗಿ ಇಟ್ಟು ನೋಡಿ ಮತ್ತೆ ಕ್ರಮ ಹಚ್ಚುವ, ನಿಧಾನವಾದರೂ ಚುರುಕಿನ ಮಾದರಿಯೊಂದನ್ನು ಕೊನೆಗೆ ನಿಲ್ಲಿಸುವವರೂ ಇದ್ದಾರೆ.

ಆಯ್ದ ತುಂಡುಗಳು ಮಾದರಿಯ ಬಳಿ ಹೋಗುವುದು ಹೆಚ್ಚುಕಡಿಮೆ ಈ ರೂಪದಲ್ಲಿ. ಇದನ್ನು ಪ್ರಾಂಪ್ಟ್ ಎನ್ನುತ್ತಾರೆ.

```
ಕೆಳಗಿನ ಭಾಗಗಳನ್ನು ಮಾತ್ರ ಆಧರಿಸಿ ಉತ್ತರಿಸಿ.
ಉತ್ತರ ಇವುಗಳಲ್ಲಿ ಇಲ್ಲದಿದ್ದರೆ "ಈ ದಾಖಲೆಗಳಲ್ಲಿ ಇಲ್ಲ" ಎನ್ನಿ.
ಪ್ರತಿ ಮಾತಿಗೂ ಭಾಗದ ಸಂಖ್ಯೆ ನಮೂದಿಸಿ.

[1] ಕಲಂ 7(1): ...
[2] ಕಲಂ 19(1): ...
[3] ಕಲಂ 6(3): ...

ಪ್ರಶ್ನೆ: ಅರ್ಜಿಯನ್ನು ಸಹಾಯಕ ಮಾಹಿತಿ ಅಧಿಕಾರಿಗೆ ಕೊಟ್ಟೆ.
ಎಷ್ಟು ದಿನದಲ್ಲಿ ಉತ್ತರ ಬರಬೇಕು?
```

ಇದರಲ್ಲಿ ಮಾಯಾಜಾಲವೇನೂ ಇಲ್ಲ. ಸರ್ಕಾರಿ ಕಚೇರಿಯಲ್ಲಿ ವಿಷಯ ನಿರ್ವಾಹಕ ಕಡತ ಮಂಡಿಸುತ್ತಾನೆ, ಸಾಹೇಬರು ಅದರ ಮೇಲೆ ಬರೆಯುತ್ತಾರೆ. ಸಾಹೇಬರು ಎಷ್ಟೇ ಜಾಣರಾಗಿರಲಿ, ಕಡತದಲ್ಲಿ ಇಲ್ಲದ ಕಾಗದವನ್ನು ನೋಡಿರುವುದಿಲ್ಲ. ರ‍್ಯಾಗ್‌ನಲ್ಲೂ ಅಷ್ಟೆ, ಉತ್ತರದ ಹಣೆಬರಹ ಬಹುಮಟ್ಟಿಗೆ ತೀರ್ಮಾನವಾಗುವುದು ಮಾದರಿ ಬರೆಯಲು ತೊಡಗುವ ಮೊದಲೇ.

ಮೇಲಿನ ಪ್ರಾಂಪ್ಟನ್ನೇ ನೋಡಿ. ಮೊದಲ ಸ್ಥಾನದಲ್ಲಿ 7(1) ಬಂದಿದೆ, ಬರಬೇಕಾದ್ದೇ. ದಿನದ ಲೆಕ್ಕ ಇರುವುದು ಅಲ್ಲೇ. 19(1) ಮೊದಲ ಮೇಲ್ಮನವಿಗೆ ಮೂವತ್ತು ದಿನ ಎನ್ನುತ್ತದೆ. 6(3) ಅರ್ಜಿಯನ್ನು ಬೇರೆ ಪ್ರಾಧಿಕಾರಕ್ಕೆ ವರ್ಗಾಯಿಸಲು ಐದು ದಿನ ಎನ್ನುತ್ತದೆ. ಎಲ್ಲವೂ ದಿನ, ಅರ್ಜಿ, ಅಧಿಕಾರಿ ಎಂದು ಮಾತಾಡುವ ಕಲಮುಗಳೇ. ಬರಬೇಕಿದ್ದ 5(2)ರ ಪರಂತುಕ ಮಾತ್ರ ಇಲ್ಲ. ಏಕೆಂದರೆ ಐದನೇ ಕಲಮಿನ ಶೀರ್ಷಿಕೆಯೇ ಸಾರ್ವಜನಿಕ ಮಾಹಿತಿ ಅಧಿಕಾರಿಗಳನ್ನು ಹೆಸರಿಸುವುದು ಎಂದು. ಅದರ ಬಹುಪಾಲು ಮಾತು ಯಾರನ್ನು ಯಾವ ಮಟ್ಟದಲ್ಲಿ ನೇಮಿಸಬೇಕು ಎಂಬುದರ ಸುತ್ತ ಇದೆ. ಐದು ದಿನದ ಮಾತು ಎರಡನೇ ಉಪಕಲಮಿನ ಕೊನೆಗೆ ಬಾಲದಂತೆ ಅಂಟಿಕೊಂಡಿದೆ. ಇಡೀ ಕಲಮಿಗೆ ಒಂದು ಸಂಖ್ಯಾಸಾಲು ಮಾಡಿದಾಗ ಬಾಲದ ಅರ್ಥ ನೇಮಕಾತಿಯ ಅರ್ಥದಲ್ಲಿ ಕರಗಿಹೋಗುತ್ತದೆ.

ಬೇಸರದ ಸಂಗತಿಯೆಂದರೆ, 7(1) ತಾನೇ ಬಾಯಿಬಿಟ್ಟು ಹೇಳುತ್ತದೆ: 5(2)ರ ಪರಂತುಕಕ್ಕೆ ಮತ್ತು 6(3)ರ ಪರಂತುಕಕ್ಕೆ ಒಳಪಟ್ಟು ಎಂದು ಶುರುವಾಗುವ ಕಲಂ ಅದು. ಕಾನೂನು ಬಲ್ಲವರು ಆ ಸಾಲು ಕಂಡ ಕೂಡಲೇ ಹಿಂದಿನ ಪುಟ ತಿರುವುತ್ತಾರೆ. ಹುಡುಕುವ ಯಂತ್ರ ತಿರುವುವುದಿಲ್ಲ. ಅದು ಪ್ರಶ್ನೆಗೆ ಹತ್ತಿರವಾದದ್ದನ್ನು ತಂದು ಕೈತೊಳೆದುಕೊಳ್ಳುತ್ತದೆ. ತಂದದ್ದು ಇನ್ನೊಂದನ್ನು ಕರೆಯುತ್ತಿದೆಯೇ ಎಂದು ನೋಡುವುದು ಅದರ ಕೆಲಸವಲ್ಲ. ಮಾದರಿ ಈ ಮೂರು ತುಂಡು ಓದಿ, 7(1)ನ್ನು ಉಲ್ಲೇಖಿಸಿ, ಮೂವತ್ತು ದಿನ ಎಂದು ಬರೆಯುತ್ತದೆ. ಉಲ್ಲೇಖ ನಿಜ, ಕಲಂ ನಿಜ, ಉತ್ತರ ತಪ್ಪು. ಬರೀ ಮಾದರಿಯ ಹಳೇ ತಪ್ಪಿಗೂ ಇದಕ್ಕೂ ಒಂದೇ ವ್ಯತ್ಯಾಸ, ಈ ತಪ್ಪಿಗೆ ಈಗ ಅಡಿಟಿಪ್ಪಣಿಯ ಗೌರವ ಬಂದಿದೆ. ಕೆಲವೊಮ್ಮೆ ಅದೇ ಹೆಚ್ಚು ಅಪಾಯಕಾರಿ.

48 ಗಂಟೆಯ ಪರಂತುಕ ಕಳೆದುಹೋಗುವುದು ಇನ್ನೊಂದು ಬಗೆಯಲ್ಲಿ. ದಾಖಲೆಯನ್ನು ತುಂಡು ಮಾಡುವಾಗ ಇಷ್ಟು ಪದಕ್ಕೊಮ್ಮೆ ಎಂದು ಕತ್ತರಿ ಹಾಕಿದರೆ, 7(1)ರ ಮೂಲ ಮಾತು ಒಂದು ತುಂಡಿನ ಕೊನೆಗೂ ಪರಂತುಕ ಮುಂದಿನ ತುಂಡಿನ ತಲೆಗೂ ಬೀಳಬಹುದು. ಆ ಎರಡನೇ ತುಂಡನ್ನು ಒಂಟಿಯಾಗಿ ಓದಿ ನೋಡಿ: ‘ಪರಂತು, ಅದು ವ್ಯಕ್ತಿಯ ಜೀವಕ್ಕೆ ಅಥವಾ ಸ್ವಾತಂತ್ರ್ಯಕ್ಕೆ ಸಂಬಂಧಿಸಿದ್ದರೆ...’ ಯಾವುದು ಸಂಬಂಧಿಸಿದ್ದರೆ? ಯಾರು ಕೊಡಬೇಕು? ತಲೆಯಿಲ್ಲದ ವಾಕ್ಯ. ಚಂಕಿಂಗ್ ಎಂದು ಕರೆಯುವ ಈ ಕತ್ತರಿ ಕೆಲಸವನ್ನು ಎಷ್ಟೋ ಕಡೆ ತಾತ್ಸಾರದಿಂದ ಮಾಡುತ್ತಾರೆ. ನನ್ನ ಮಟ್ಟಿಗೆ ಇಡೀ ವ್ಯವಸ್ಥೆಯಲ್ಲಿ ಅತಿ ಹೆಚ್ಚು ಗಮನ ಸಲ್ಲಬೇಕಾದ ಜಾಗ ಅದು.

ಕಾಯ್ದೆಯಂಥ ದಾಖಲೆಗೆ ಕತ್ತರಿ ಹಾಕುವವರು ಪದ ಎಣಿಸುವುದನ್ನು ಬಿಟ್ಟು ಕಲಂ, ಉಪಕಲಂಗಳ ಗಡಿ ನೋಡಬೇಕು; ಪರಂತುಕವನ್ನು ಅದರ ತಾಯಿಕಲಮಿನಿಂದ ಬಿಡಿಸಬಾರದು. ತುಂಡಿನ ತಲೆಯ ಮೇಲೆ ಇದು ಯಾವ ಕಾಯ್ದೆ, ಯಾವ ಅಧ್ಯಾಯ, ಯಾವ ವರ್ಷದ ಪಾಠ, ಕೇಂದ್ರದ್ದೋ ಕರ್ನಾಟಕದ್ದೋ ಎಂದು ಬರೆದಿಡಬೇಕು. 500 ಪದ, 150 ಪದದ ಗೊಂದಲ ತೀರುವುದು ಈ ಹಣೆಪಟ್ಟಿಯಿಂದ; ಕರ್ನಾಟಕದ ಕಚೇರಿಯ ಬಗ್ಗೆ ಪ್ರಶ್ನೆ ಬಂದಾಗ ಕೇಂದ್ರದ ನಿಯಮಗಳನ್ನು ಹುಡುಕಾಟದಿಂದಲೇ ಹೊರಗಿಡಬಹುದು. ಕೊನೆಗೆ, ಒಂದು ತುಂಡು ‘5(2)ರ ಪರಂತುಕಕ್ಕೆ ಒಳಪಟ್ಟು’ ಎಂದರೆ ಆ 5(2) ತಾನಾಗಿ ಜೊತೆಗೆ ಬರುವಂತೆ ಕೊಂಡಿ ಹಾಕಬೇಕು. ಇಷ್ಟು ಮಾಡಿದರೆ ನಮ್ಮ ಪ್ರಾಂಪ್ಟಿನಲ್ಲಿ 7(1) ಮತ್ತು 5(2) ಅಕ್ಕಪಕ್ಕ ಬರುತ್ತವೆ. ಆಗ ಮೂವತ್ತು ಮತ್ತು ಐದು ಕೂಡಿಸಿ ಮೂವತ್ತೈದು ಎನ್ನುವುದು ಇಂದಿನ ಯಾವ ಒಳ್ಳೆಯ ಮಾದರಿಗೂ ದೊಡ್ಡ ಮಾತಲ್ಲ.

ಕನ್ನಡದ ದಾಖಲೆಗಳಿಗೆ ಇದಕ್ಕೂ ಹಿಂದಿನ ಒಂದು ಮೆಟ್ಟಿಲಿದೆ, ಎಡವುವುದು ಅಲ್ಲೇ. ಯೂನಿಕೋಡ್ ರೂಢಿಯಾಗುವ ಮೊದಲು, ಎಷ್ಟೋ ಕಡೆ ಆಮೇಲೂ, ನಮ್ಮ ಸುತ್ತೋಲೆ, ಆದೇಶಗಳನ್ನು ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರವಿನ್ಯಾಸದಲ್ಲಿ ಟೈಪ್ ಮಾಡಿದ್ದಾರೆ. ಅಂಥ ಪಿಡಿಎಫ್ ತೆರೆದರೆ ಕಣ್ಣಿಗೆ ಮುದ್ದಾದ ಕನ್ನಡವೇ ಕಾಣುತ್ತದೆ. ಆದರೆ ಅದರೊಳಗಿನ ಅಕ್ಷರಗಳನ್ನು ಯಂತ್ರ ಹೊರಗೆಳೆದಾಗ ‘ಕನ್ನಡ’ ಎಂಬ ಪದ ಹೀಗೆ ಬರುತ್ತದೆ:

```
PÀ£ÀßqÀ
```

ಯಂತ್ರ ದೂರುವುದಿಲ್ಲ. ಈ ಗೋಜಲನ್ನೇ ನಿಷ್ಠೆಯಿಂದ ತುಂಡು ಮಾಡಿ, ಸಂಖ್ಯಾಸಾಲು ಮಾಡಿ ಸಂಗ್ರಹಕ್ಕೆ ಹಾಕುತ್ತದೆ. ಆಮೇಲೆ ಯಾರು ಏನೇ ಕೇಳಲಿ, ಆ ಸುತ್ತೋಲೆ ಎಂದಿಗೂ ಮೇಲೆ ಬರುವುದಿಲ್ಲ. ಇದ್ದೂ ಇಲ್ಲದಂತಾದ ಕಾಗದ. ಹಳೆಯ ವಿನ್ಯಾಸವನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳಿವೆ, ಮೊದಲು ಅದರಲ್ಲಿ ಹಾಯಿಸಬೇಕು. ಸ್ಕ್ಯಾನ್ ಮಾಡಿದ ಕಾಗದವಾದರೆ ಚಿತ್ರದಿಂದ ಅಕ್ಷರ ಓದುವ ಓಸಿಆರ್ ಬೇಕು. ಅದು ಒತ್ತಕ್ಷರಗಳಲ್ಲಿ, ಮಾಸಿದ ಮೊಹರಿನ ಕೆಳಗಿನ ಅಂಕಿಗಳಲ್ಲಿ ಎಡವುತ್ತದೆ. ‘೩೦’ ಎಂದು ಅಚ್ಚಾದದ್ದನ್ನು ‘30’ ಎಂದು ಹುಡುಕಿದರೆ ಪದದ ಹುಡುಕಾಟಕ್ಕೆ ಸಿಗುವುದಿಲ್ಲ. ವಿಭಕ್ತಿಯದೂ ಇದೇ ಕಥೆ: ಅರ್ಜಿ, ಅರ್ಜಿಯನ್ನು, ಅರ್ಜಿಗೆ, ಅರ್ಜಿಯಲ್ಲೇ ಇವು ನಮಗೆ ಒಂದೇ ಪದ, ಅಕ್ಷರ ಮಾತ್ರ ನೋಡುವ ಯಂತ್ರಕ್ಕೆ ನಾಲ್ಕು. ಪ್ರತ್ಯಯ ಕಳಚಿ ಮೂಲಪದ ಉಳಿಸುವ ಹಂತವೊಂದನ್ನು ಸೇರಿಸದೆ ಇಂಗ್ಲಿಷಿಗೆ ಮಾಡಿದ ಹುಡುಕಾಟವನ್ನೇ ಕನ್ನಡಕ್ಕೂ ಹಚ್ಚಿದರೆ ಫಲಿತಾಂಶ ಸೊರಗುತ್ತದೆ. ಪ್ರಶ್ನೆ ಕನ್ನಡದಲ್ಲಿ, ಕಾಯ್ದೆ ಇಂಗ್ಲಿಷಿನಲ್ಲಿ ಇರುವ ಸಂದರ್ಭಕ್ಕೆ ಮಾತ್ರ ಎಂಬೆಡಿಂಗ್ ನಿಜವಾಗಿ ನೆರವಾಗುತ್ತದೆ. ಗೂಗಲ್ 2020ರಲ್ಲಿ ಹೊರತಂದ ಲ್ಯಾಬ್ಸೆ ಎಂಬ ಮಾದರಿ ಕನ್ನಡವೂ ಸೇರಿ 109 ಭಾಷೆಗಳ ಸಮಾನಾರ್ಥದ ವಾಕ್ಯಗಳನ್ನು ಹತ್ತಿರ ಹತ್ತಿರ ತರುತ್ತದೆ.

ಇನ್ನು, ಸರಿಯಾದ ತುಂಡುಗಳೇ ಮುಂದಿದ್ದರೂ ಮಾದರಿ ತಪ್ಪುವ ಸಂದರ್ಭ. ಆಗಲೇ ಹೇಳಿದ ಆ ಮೂವತ್ತರ ಪಾಲಿನಲ್ಲಿ ಇಂಥವೂ ಇರುತ್ತವೆ. ಅಮೆರಿಕದಲ್ಲಿ ವಕೀಲರಿಗಾಗಿ ಮಾರುವ ರ‍್ಯಾಗ್ ಆಧಾರಿತ ಸೇವೆಗಳನ್ನು ಸ್ಟ್ಯಾನ್‌ಫರ್ಡಿನ ಸಂಶೋಧಕರು 2024ರಲ್ಲಿ ಇನ್ನೂರಕ್ಕೂ ಹೆಚ್ಚು ಪ್ರಶ್ನೆ ಕೇಳಿ ಪರೀಕ್ಷಿಸಿದರು. ಲೆಕ್ಸಿಸ್, ವೆಸ್ಟ್‌ಲಾಗಳಂಥ ಹೆಸರಾಂತ ಕಾನೂನು ಸಂಗ್ರಹಗಳ ಸೇವೆಗಳವು. ಉತ್ತರಗಳಲ್ಲಿ ಶೇ 17ರಿಂದ 33ರಷ್ಟರಲ್ಲಿ ಸುಳ್ಳೋ ಆಧಾರವಿಲ್ಲದ ಮಾತೋ ಇತ್ತು. ಸಂಗ್ರಹದ ನೆರವಿಲ್ಲದ ಸಾಮಾನ್ಯ ಮಾದರಿಗಿಂತ ಇದು ಎಷ್ಟೋ ವಾಸಿ ಎಂದೂ ಅವರು ಬರೆದರು. ಇಲ್ಲದ ತೀರ್ಪನ್ನು ಹುಟ್ಟಿಸುವ ಚಾಳಿ ಕಡಿಮೆಯಾಗಿತ್ತು; ಅದರ ಜಾಗಕ್ಕೆ, ಇರುವ ತೀರ್ಪು ಹೇಳದ ಮಾತನ್ನು ಅದರ ತಲೆಗೆ ಕಟ್ಟುವುದು ಬಂದಿತ್ತು.

ಆದ್ದರಿಂದ ಇಂಥ ವ್ಯವಸ್ಥೆಯನ್ನು ಪರೀಕ್ಷಿಸುವವರು ಎರಡು ಪ್ರಶ್ನೆಗಳನ್ನು ಒಂದರಲ್ಲೊಂದು ಬೆರೆಸಬಾರದು. ಬೇಕಾದ ಕಲಂ ಆ ಐದು ತುಂಡುಗಳಲ್ಲಿ ಬಂದಿತ್ತೇ ಎಂಬುದು ಮೊದಲನೆಯದು. ಬಂದ ಮೇಲೆ ಉತ್ತರದ ಪ್ರತಿ ವಾಕ್ಯಕ್ಕೂ ಆ ತುಂಡುಗಳಲ್ಲಿ ಆಧಾರವಿದೆಯೇ ಎಂಬುದು ಎರಡನೆಯದು. ಕಾಯ್ದೆ ಬಲ್ಲವರನ್ನು ಕೂರಿಸಿ ನೂರು ಪ್ರಶ್ನೆ, ಒಂದೊಂದಕ್ಕೂ ಯಾವ ಕಲಂ ಬೇಕು ಎಂಬ ಪಟ್ಟಿ ಮಾಡಿಸಿದರೆ ಮೊದಲನೆಯದನ್ನು ಯಂತ್ರದಿಂದಲೇ ಎಣಿಸಬಹುದು. ನೂರರಲ್ಲಿ ನಲವತ್ತಕ್ಕೆ ಕಲಮೇ ಬಂದಿಲ್ಲ ಎಂದಾದರೆ, ದುಬಾರಿಯ ದೊಡ್ಡ ಮಾದರಿ ತರುವುದರಿಂದ ಪ್ರಯೋಜನವಿಲ್ಲ. ಕತ್ತರಿ, ಹಣೆಪಟ್ಟಿ, ಹುಡುಕಾಟ ಸರಿಮಾಡಬೇಕು. ಕೆಲವು ಪ್ರಶ್ನೆಗಳು ಈ ವಿಧಾನದ ಕೈಗೆ ಸಿಗುವುದೇ ಇಲ್ಲ. ‘ಹೋದ ವರ್ಷ ಆಯೋಗ ಎಷ್ಟು ಪ್ರಕರಣಗಳಲ್ಲಿ ದಂಡ ಹಾಕಿತು?’ ಎಂದರೆ ಎಲ್ಲ ಆದೇಶಗಳನ್ನೂ ಎಣಿಸಬೇಕು, ಹತ್ತಿರದ ಐದು ತುಂಡು ತಂದರೆ ಐದರ ಲೆಕ್ಕವಷ್ಟೇ ಸಿಗುತ್ತದೆ. ಅದಕ್ಕೆ ಕೋಷ್ಟಕ ಬೇಕು.

ಸಾಮಾನ್ಯ ಬಳಕೆದಾರರು ಮಾಡಬಹುದಾದ ಪರೀಕ್ಷೆಯೂ ಇದೆ: ದಾಖಲೆಯಲ್ಲಿ ಉತ್ತರವೇ ಇಲ್ಲದ ಪ್ರಶ್ನೆ ಕೇಳುವುದು. ಹುಡುಕುವ ಯಂತ್ರಕ್ಕೆ ‘ಇಲ್ಲ’ ಎನ್ನಲು ಬರುವುದಿಲ್ಲ, ಅತಿ ಸಮೀಪದ್ದು ಎಂದರೆ ಏನಾದರೊಂದು ಇದ್ದೇ ಇರುತ್ತದೆ. ಬಾಯಿ ಕಟ್ಟುವ ಕೆಲಸ ಪ್ರಾಂಪ್ಟಿನ ಎರಡನೇ ಸಾಲಿನ ಮೇಲೆ ಬೀಳುತ್ತದೆ. ಸಂಗ್ರಹದಲ್ಲಿ ಮಾಹಿತಿ ಹಕ್ಕು ಕಾಯ್ದೆ ಮಾತ್ರ ಇದ್ದು, ನಿಯಮಗಳು ಇಲ್ಲ ಎಂದುಕೊಳ್ಳಿ. ಅರ್ಜಿ ಶುಲ್ಕ ಎಷ್ಟು ಎಂದು ಕೇಳಿ. ಕಾಯ್ದೆಯಲ್ಲಿ ಮೊತ್ತವಿಲ್ಲ, ನಿಯಮಗಳಲ್ಲಿ ಗೊತ್ತುಪಡಿಸಿದಷ್ಟು ಎಂದಷ್ಟೇ ಇದೆ. ಮಾದರಿ ‘ಹತ್ತು ರೂಪಾಯಿ’ ಎಂದರೆ, ಕರ್ನಾಟಕದ ಕಚೇರಿಗಳ ಮಟ್ಟಿಗೆ ಆ ಮಾತು ನಿಜವೇ. ಹಾಗಿದ್ದೂ ಪರೀಕ್ಷೆಯಲ್ಲಿ ಅದಕ್ಕೆ ಸೊನ್ನೆ ಕೊಡಬೇಕು, ಏಕೆಂದರೆ ಆ ಹತ್ತು ಬಂದದ್ದು ಕಾಗದದಿಂದಲ್ಲ, ಹಳೆಯ ನೆನಪಿನಿಂದ. ಹೈಕೋರ್ಟುಗಳು ತಮ್ಮದೇ ನಿಯಮ ಮಾಡಿಕೊಳ್ಳಬಹುದು. ಕೆಲವು ಕಡೆ ಶುಲ್ಕ ಎಷ್ಟು ಏರಿತ್ತೆಂದರೆ, ಅರ್ಜಿಗೆ 50 ರೂಪಾಯಿ ಮೀರಬಾರದು ಎಂದು 2018ರಲ್ಲಿ ಸುಪ್ರೀಂ ಕೋರ್ಟೇ ಹೇಳಬೇಕಾಯಿತು. ಅಂಥ ಕಡೆ ಅರ್ಜಿ ಹಾಕುವವರಿಗೂ ಈ ಸೇವೆ ಅದೇ ಹತ್ತು ರೂಪಾಯಿಯನ್ನೇ ಹೇಳುತ್ತಿರುತ್ತದೆ.